ನೋ ಡ್ಯೂಸ್ ಫಾರ್ಮಿನಲ್ಲಿ ಇಲ್ಲದ ಬಾಕಿಗಳು

ಕೆಲಸ ಬಿಡುವವರ ಕೈಗೆ ಕಂಪನಿ ಕೊಡುವ ನೋ ಡ್ಯೂಸ್ ಫಾರ್ಮಿನಲ್ಲಿ ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್, ಡ್ರಾಯರಿನ ಬೀಗದಕೈ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಐಟಿಯವರು, ಅಡ್ಮಿನ್‌ನವರು, ಅಕೌಂಟ್ಸ್‌ನವರು ಒಬ್ಬೊಬ್ಬರಾಗಿ ಸಹಿ ಹಾಕುತ್ತಾರೆ. ಸಹಿಗಳೆಲ್ಲ ಬಿದ್ದ ಮೇಲೆ ರಿಲೀವಿಂಗ್ ಲೆಟರ್. ಆದರೆ ಅದೇ ಉದ್ಯೋಗಿ ಎರಡು ವರ್ಷದ ಹಿಂದೆ ಕಂಪನಿಯ ಕೆಲಸಕ್ಕೆಂದು ತನ್ನ ಕ್ರೆಡಿಟ್ ಕಾರ್ಡಿನಲ್ಲಿ ತೆಗೆದುಕೊಂಡ ಸಬ್‌ಸ್ಕ್ರಿಪ್ಷನ್ನಿಗೆ, ತನ್ನ ಜಿಮೇಲ್‌ನಿಂದ ನೋಂದಾಯಿಸಿದ ವೆಬ್‌ಸೈಟ್ ಹೆಸರಿಗೆ, ತನ್ನ ಫೋನಿಗೇ ಒಟಿಪಿ ಬರುವ ಜಾಹೀರಾತು ಖಾತೆಗೆ ಆ ಫಾರ್ಮಿನಲ್ಲಿ ಜಾಗವಿಲ್ಲ. ಅವು ಕಣ್ಣಿಗೆ ಕಾಣುವ ವಸ್ತುಗಳಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ.

ಕೇಳದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತೆಲ್ಲ ನೋಡಿದ ಒಂದು ಪ್ರಸಂಗವಿದೆ. ನಾಯಿಯೊಂದು ಗ್ರಾಮಫೋನ್ ಎದುರು ಕುಳಿತ ಚಿತ್ರದಿಂದ ನಮ್ಮ ಹಿರಿಯರಿಗೆಲ್ಲ ಪರಿಚಿತವಾದ ಎಚ್‌ಎಂವಿ ಹೆಸರಿನ ಅಂಗಡಿ ಸರಣಿ ಬ್ರಿಟನ್ನಿನಲ್ಲಿ 2013ರ ಜನವರಿಯಲ್ಲಿ ದಿವಾಳಿ ಅಂಚಿಗೆ ಬಂದಿತ್ತು. ಜನವರಿ 31ರಂದು ಹಲವು ನೌಕರರನ್ನು ಒಟ್ಟಿಗೆ ಕರೆದು ಕೆಲಸದಿಂದ ತೆಗೆದರು. ಆ ಹೊತ್ತಿನಲ್ಲೇ ಕಂಪನಿಯ ಅಧಿಕೃತ ಟ್ವಿಟರ್ ಖಾತೆಯಲ್ಲಿ ಒಂದರ ಹಿಂದೊಂದು ಟ್ವೀಟ್ ಬರತೊಡಗಿತು. ಎಚ್‌ಆರ್ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಒಳಗಿದ್ದವರೇ ನೇರಪ್ರಸಾರ ಮಾಡುತ್ತಿದ್ದರು. ಈ ಟ್ವಿಟರನ್ನು ನಿಲ್ಲಿಸುವುದು ಹೇಗೆ ಎಂದು ಮಾರ್ಕೆಟಿಂಗ್ ನಿರ್ದೇಶಕರು ಕೇಳುತ್ತಿದ್ದಾರೆ ಎಂಬುದೂ ಆ ಟ್ವೀಟುಗಳಲ್ಲಿ ಒಂದು. ಖಾತೆ ಕಂಪನಿಯ ಹೆಸರಿನಲ್ಲಿತ್ತು, ಅದರ ಕೀಲಿ ಮಾತ್ರ ಕೆಲಸ ಕಳೆದುಕೊಳ್ಳುತ್ತಿದ್ದವರ ಬಳಿ ಇತ್ತು.

ಎಚ್‌ಎಂವಿಯಲ್ಲಿ ಸಿಟ್ಟಿತ್ತು. ನಮ್ಮ ಊರುಗಳ ಕಚೇರಿಗಳಲ್ಲಿ ಸಾಮಾನ್ಯವಾಗಿ ಸಿಟ್ಟೂ ಇರುವುದಿಲ್ಲ, ಕೇಕ್ ಕತ್ತರಿಸಿ ಬೀಳ್ಕೊಟ್ಟಿರುತ್ತಾರೆ. ತೊಂದರೆ ಶುರುವಾಗುವುದು ಅದಾದ ಒಂದೆರಡು ತಿಂಗಳಿಗೆ. ದೊಡ್ಡ ಕಂಪನಿಗಳಲ್ಲಿ ಸಾಫ್ಟ್‌ವೇರ್ ಕೊಳ್ಳಲು ಬೇರೆ ವಿಭಾಗವೇ ಇರುವುದರಿಂದ ಈ ಸಮಸ್ಯೆ ಅಷ್ಟಾಗಿ ಕಾಡದು. ಹೆಚ್ಚು ಪೆಟ್ಟು ತಿನ್ನುವವರು ಹತ್ತಿಪ್ಪತ್ತು ಜನರ ಸಣ್ಣ ಕಂಪನಿಗಳವರು. ಅಲ್ಲಿ ಶುರುವಿನ ದಿನಗಳಲ್ಲಿ 'ನೀವೇ ತಗೊಂಡುಬಿಡಿ, ಆಮೇಲೆ ಬಿಲ್ ಕೊಡಿ' ಎಂಬ ಮಾತಿನಲ್ಲೇ ಎಲ್ಲ ನಡೆದಿರುತ್ತದೆ.

ಅಂಥದ್ದೇ ಒಂದು ಪ್ರಕರಣವನ್ನು ಮಾದರಿಗಾಗಿ ಕಟ್ಟಿಕೊಂಡು ನೋಡೋಣ. ಬೆಂಗಳೂರಿನಲ್ಲಿ ಕಾಫಿಪುಡಿಯನ್ನು ಆನ್‌ಲೈನಿನಲ್ಲಿ ಮಾರುವ ಕಂಪನಿ, ಹದಿನೈದು ಮಂದಿ ಕೆಲಸಗಾರರು. ವೆಬ್‌ಸೈಟ್, ಪ್ರಚಾರ, ಗ್ರಾಹಕರಿಗೆ ಕಳಿಸುವ ಇಮೇಲ್ ಎಲ್ಲ ನೋಡಿಕೊಳ್ಳುತ್ತಿದ್ದ ಉದ್ಯೋಗಿ 1ನೇ ತಾರೀಖು ರಾಜೀನಾಮೆ ಕೊಟ್ಟಿದ್ದಾರೆ. ನೋಟಿಸ್ ಪೀರಿಯಡ್ 30 ದಿನ. ಆಕೆಯ ಕೆಲಸಕ್ಕೆ ಸಂಬಂಧಿಸಿ ಕಂಪನಿ ದುಡ್ಡು ಕೊಡುವ ಖಾತೆಗಳು ಎಷ್ಟಿವೆ ಎಂದು ಕೇಳಿದರೆ ಥಟ್ಟನೆ ನೆನಪಾಗುವುದು ಮೂರೋ ನಾಲ್ಕೋ. ನಿಜವಾಗಿ ಇರುವುದು ಅದಕ್ಕಿಂತ ಜಾಸ್ತಿ, ಏಕೆಂದರೆ ವರ್ಷಕ್ಕೊಮ್ಮೆ ಹಣ ಹೋಗುವಂಥವು ಮನಸ್ಸಿನಲ್ಲಿ ಉಳಿದಿರುವುದಿಲ್ಲ.

ಆದ್ದರಿಂದ ನೆನಪನ್ನು ನಂಬದೆ ಮೇಲ್‌ಬಾಕ್ಸನ್ನೇ ಕೇಳುವುದು ಒಳ್ಳೆಯದು. ಆಫೀಸಿನ ಮೇಲ್‌ನಲ್ಲೂ ಸ್ವಂತದ ಜಿಮೇಲ್‌ನಲ್ಲೂ ಹುಡುಕುವ ಜಾಗದಲ್ಲಿ ಇದನ್ನು ಟೈಪ್ ಮಾಡಿದರೆ ಬಹುಪಾಲು ಬಿಲ್ಲುಗಳು ಹೊರಬರುತ್ತವೆ:

```
subject:(invoice OR receipt OR renewal OR subscription) newer_than:13m
```

ಕೊನೆಯ `13m` ಎಂದರೆ ಹದಿಮೂರು ತಿಂಗಳು. ಹನ್ನೆರಡು ಎಂದು ಕೊಟ್ಟರೆ ವರ್ಷಕ್ಕೊಮ್ಮೆ ನವೀಕರಣವಾಗುವ ಖಾತೆಯ ಬಿಲ್ಲು ನಾಲ್ಕು ದಿನದ ಅಂತರದಲ್ಲಿ ತಪ್ಪಿಸಿಕೊಂಡುಬಿಡಬಹುದು. ಇದರ ಜತೆಗೆ ಇನ್ನೊಂದು ಪುಟ ನೋಡಬೇಕು: `myaccount.google.com/connections`. ಯಾವ್ಯಾವ ಸೈಟುಗಳಿಗೆ 'ಗೂಗಲ್ ಮೂಲಕ ಲಾಗಿನ್' ಎಂಬ ಗುಂಡಿ ಒತ್ತಿ ಒಳಹೋಗಿದ್ದೇವೆ ಎಂಬ ಪಟ್ಟಿ ಅಲ್ಲಿ ಸಿಗುತ್ತದೆ. ಇವಕ್ಕೆ ಬೇರೆ ಪಾಸ್‌ವರ್ಡ್ ಇರುವುದಿಲ್ಲ. ಆಫೀಸಿನ ಮೇಲ್ ಮುಚ್ಚಿದ ಕ್ಷಣ ಅವುಗಳ ಬಾಗಿಲೂ ಮುಚ್ಚುತ್ತದೆ. ಪಾಸ್‌ವರ್ಡ್ ಬದಲಿಸೋಣವೆಂದರೆ ಅದರ ಲಿಂಕ್ ಹೋಗುವುದೂ ಮುಚ್ಚಿಹೋದ ಅದೇ ಮೇಲ್‌ಗೆ.

ಕಾಫಿ ಕಂಪನಿಯ ಉದ್ಯೋಗಿಗೆ ಹೀಗೆ ಸಿಕ್ಕಿದ ಪಟ್ಟಿಯಲ್ಲಿ ವೆಬ್‌ಸೈಟಿನ ಡೊಮೇನ್ ಹೆಸರು, ಗ್ರಾಹಕರಿಗೆ ಇಮೇಲ್ ಕಳಿಸುವ ಸೇವೆ, ಡಿಸೈನ್ ಸಾಫ್ಟ್‌ವೇರ್, ಆರ್ಡರ್ ತೆಗೆದುಕೊಳ್ಳುವ ಗೂಗಲ್ ಫಾರ್ಮ್, ಇನ್‌ಸ್ಟಾಗ್ರಾಮ್ ಪುಟ, ಕಂಪನಿಯ ಸಿಮ್ ಇವೆ ಎಂದುಕೊಳ್ಳೋಣ. ಪ್ರತಿಯೊಂದರ ಎದುರು ಮೂರು ಪ್ರಶ್ನೆಗೆ ಉತ್ತರ ಬರೆಯಬೇಕು. ಲಾಗಿನ್ ಯಾವ ಇಮೇಲ್‌ನಿಂದ? ದುಡ್ಡು ಯಾವ ಕಾರ್ಡಿನಿಂದ? ಒಟಿಪಿ ಯಾವ ಫೋನಿಗೆ? ಸಾಮಾನ್ಯವಾಗಿ ಹ್ಯಾಂಡೋವರ್ ಎಂದರೆ ಮೊದಲನೆಯದನ್ನಷ್ಟೇ ಕೊಡುತ್ತಾರೆ, ಪಾಸ್‌ವರ್ಡನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಿ ಮುಗಿಸುತ್ತಾರೆ. ಇಮೇಲ್ ಕಂಪನಿಯದು, ಕಾರ್ಡ್ ಬಿಟ್ಟುಹೋದವರದು, ಒಟಿಪಿ ಅವರಿಗಿಂತ ಮುಂಚೆಯೇ ಬಿಟ್ಟುಹೋದ ಇನ್ನೊಬ್ಬರದು — ಹೀಗೆ ಒಂದೇ ಖಾತೆಯ ಮೂರು ಕೊಂಡಿಗಳು ಮೂರು ಕಡೆ ಹರಡಿರುವುದು ಅಪರೂಪವೇನಲ್ಲ.

ಪಟ್ಟಿಯಲ್ಲಿ ಮೊದಲು ಕೈಹಾಕಬೇಕಾದದ್ದು ಡೊಮೇನ್ ಹೆಸರಿಗೆ. ವರ್ಷಕ್ಕೆ ಒಂದು ಸಾವಿರದ ಆಸುಪಾಸಿನ ಖರ್ಚು, ಪಟ್ಟಿಯಲ್ಲೇ ಅಗ್ಗದ್ದು. ಆದರೆ ಅದು ಹೋದರೆ ವೆಬ್‌ಸೈಟೂ ಹೋಯಿತು, ಆ ಹೆಸರಿನ ಮೇಲಿರುವ ಎಲ್ಲರ ಆಫೀಸ್ ಇಮೇಲೂ ಹೋಯಿತು. 1999ರ ಕ್ರಿಸ್‌ಮಸ್ ಹೊತ್ತಿನಲ್ಲಿ ಹಾಟ್‌ಮೇಲ್ ಬಳಕೆದಾರರಲ್ಲಿ ಅನೇಕರಿಗೆ ತಮ್ಮ ಅಂಚೆ ತೆರೆಯಲಾಗಲಿಲ್ಲ. ಲಾಗಿನ್‌ಗೆ ಬಳಕೆಯಾಗುತ್ತಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ಹೆಸರಿನ ನವೀಕರಣ ಶುಲ್ಕವನ್ನು ಮೈಕ್ರೋಸಾಫ್ಟ್ ಕಟ್ಟಿರಲಿಲ್ಲ. ಕಟ್ಟಬೇಕಿದ್ದದ್ದು 35 ಡಾಲರ್. ಕಡೆಗೆ ಅಮೆರಿಕದ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕ್ರೆಡಿಟ್ ಕಾರ್ಡಿನಿಂದ ಅದನ್ನು ಕಟ್ಟಿದ ಮೇಲೆ ಸೇವೆ ಸರಿಹೋಯಿತು. ಅಷ್ಟು ದೊಡ್ಡ ಕಂಪನಿಗೇ ಆದದ್ದು ಕಾಫಿಪುಡಿಯವರಿಗೆ ಆಗುವುದಿಲ್ಲ ಎನ್ನುವ ಹಾಗಿಲ್ಲ.

ಡೊಮೇನ್ ಹೆಸರುಗಳ ಜಾಗತಿಕ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮದಂತೆ, ಡಾಟ್ ಕಾಮ್‌ನಂಥ ಹೆಸರಿನ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮುಂಚೆ ಒಮ್ಮೆ, ಒಂದು ವಾರ ಮುಂಚೆ ಇನ್ನೊಮ್ಮೆ ಮಾರಾಟಗಾರರು ನೆನಪೋಲೆ ಕಳಿಸಬೇಕು. ಅವರು ಕಳಿಸುತ್ತಾರೆ ಕೂಡ. ತಲುಪುವುದು ನೋಂದಣಿಯಲ್ಲಿ ಬರೆದಿರುವ ಇಮೇಲ್‌ಗೆ, ಅಂದರೆ ಕೆಲಸ ಬಿಟ್ಟುಹೋದವರ ಮೇಲ್‌ಗೆ. ಅವಧಿ ಮುಗಿದ ಕೂಡಲೇ ಹೆಸರು ಪರರ ಪಾಲಾಗುವುದಿಲ್ಲ ಎಂಬುದು ಸಮಾಧಾನ. ಮಾರಾಟಗಾರರ ಕಡೆಯಿಂದ ಕೆಲವು ವಾರಗಳ ವಿನಾಯಿತಿ ಇರುತ್ತದೆ. ಹೆಸರು ರದ್ದಾದ ಮೇಲೂ 30 ದಿನ, ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ. ಆದರೆ ಬಿಡಿಸಿಕೊಳ್ಳಲು ಆ ಖಾತೆಯೊಳಗೆ ಹೋಗಬೇಕಲ್ಲ, ಅದರ ಕೀಲಿ ಈಗ ಯಾರ ಬಳಿ ಇದೆ?

ಇಲ್ಲಿ 30 ದಿನದ ನೋಟಿಸಿನವರು ಒಂದು ಸೂಕ್ಷ್ಮ ತಿಳಿದಿರಬೇಕು. ಹೇಗೂ ಬದಲಿಸುತ್ತಿದ್ದೇವೆ, ಕಂಪನಿಯ ಬೇರೆ ಹೆಸರುಗಳಿರುವ ಇನ್ನೊಬ್ಬ ಮಾರಾಟಗಾರರ ಬಳಿಗೇ ಒಯ್ಯೋಣ ಎಂದು ಹೊರಟರೆ ಸಿಕ್ಕಿಹಾಕಿಕೊಳ್ಳಬಹುದು. ಮಾಲೀಕರ ವಿವರ ತಿದ್ದಿದ ಮೇಲೆ ಬೇರೆ ಮಾರಾಟಗಾರರ ಬಳಿಗೆ ಒಯ್ಯುವುದಕ್ಕೆ 60 ದಿನಗಳ ತಡೆ ಬೀಳುವುದುಂಟು. ಅಷ್ಟರಲ್ಲಿ ಉದ್ಯೋಗಿ ಹೊಸ ಕಂಪನಿಯಲ್ಲಿರುತ್ತಾರೆ. ಅದಕ್ಕೇ ಸುಲಭದ ದಾರಿ ಹಿಡಿಯಬೇಕು. ಅದೇ ಮಾರಾಟಗಾರರಲ್ಲಿ ಕಂಪನಿಯ ಇಮೇಲ್‌ನಿಂದ ಹೊಸ ಖಾತೆ ತೆರೆದು, ಒಂದು ಖಾತೆಯಿಂದ ಇನ್ನೊಂದಕ್ಕೆ ಹೆಸರನ್ನು ವರ್ಗಾಯಿಸುವುದು. ಹೊಸ ಖಾತೆಯ ಇಮೇಲ್ ಮಾತ್ರ ಆ ಡೊಮೇನ್‌ನದ್ದೇ ಆಗಿರಬಾರದು. ಹೆಸರು ನಿಂತ ದಿನ ಆ ಮೇಲೂ ನಿಲ್ಲುತ್ತದೆ, ನೆನಪೋಲೆಯೂ ಬರುವುದಿಲ್ಲ, ಪಾಸ್‌ವರ್ಡೂ ಬರುವುದಿಲ್ಲ.

ಇನ್ನು ಕಾರ್ಡಿನ ವಿಷಯ. ಬಾಡಿಗೆ ಮನೆ ಖಾಲಿ ಮಾಡಿ ಹೋದವರ ಬ್ಯಾಂಕಿನಿಂದಲೇ ಹೊಸ ಬಾಡಿಗೆದಾರರ ಕರೆಂಟ್ ಬಿಲ್ ಕಡಿತವಾಗುತ್ತಿದ್ದರೆ ಹೇಗಿರುತ್ತದೋ ಹಾಗೆ ಇದು. ಕಾಫಿ ಕಂಪನಿಯ ಇಮೇಲ್ ಸೇವೆಗೆ ತಿಂಗಳಿಗೆ 3,500 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ 4,130 ಎಂದುಕೊಳ್ಳಿ. ಹಣ ಹೋಗುವುದು ಉದ್ಯೋಗಿಯ ಕ್ರೆಡಿಟ್ ಕಾರ್ಡಿನಿಂದ, ಪ್ರತಿ ತಿಂಗಳು 28ಕ್ಕೆ. ಇಷ್ಟು ದಿನ ಆಕೆ ಮುಂದಿನ ತಿಂಗಳು ಕ್ಲೇಮ್ ಹಾಕಿ ಹಿಂಪಡೆಯುತ್ತಿದ್ದರು. ಕೊನೆಯ ದಿನ 30. ಅಂದಿಗೆ ಕ್ಲೇಮ್ ಪೋರ್ಟಲ್‌ನ ಲಾಗಿನ್ ಕೂಡ ಮುಚ್ಚುತ್ತದೆ. ಈ 28ರ ಬಿಲ್ಲನ್ನು ಎರಡು ದಿನದೊಳಗೆ ಕ್ಲೇಮ್ ಮಾಡದಿದ್ದರೆ ಫೈನಲ್ ಸೆಟಲ್‌ಮೆಂಟಿನ ಲೆಕ್ಕದಲ್ಲಿ ಅದು ಬರುವುದಿಲ್ಲ. ಮುಂದಿನ ತಿಂಗಳ 28ರದ್ದಂತೂ ಪೂರ್ತಿ ಕೈಯಿಂದಲೇ.

ಭಾರತದ ಗ್ರಾಹಕರಿಗೆ ಇಲ್ಲಿ ಒಂದು ರಕ್ಷಣೆ ಇದೆ, ಅದನ್ನು ಬಳಸಿಕೊಳ್ಳಬೇಕು. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ಅದರಂತೆ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕು ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಿ, ಇಂಥವರು ಇಷ್ಟು ಹಣವನ್ನು ಇಂಥ ದಿನ ತೆಗೆದುಕೊಳ್ಳಲಿದ್ದಾರೆ ಎಂದು ತಿಳಿಸಬೇಕು. ಬೇಡವೆಂದರೆ ಆ ಒಂದು ಕಂತನ್ನೋ ಇಡೀ ಮ್ಯಾಂಡೇಟನ್ನೋ ನಿಲ್ಲಿಸುವ ಅವಕಾಶ ಕೊಡಬೇಕು. ಮೊದಲು 5,000 ರೂಪಾಯಿವರೆಗಿನ ಕಂತು ಒಟಿಪಿ ಇಲ್ಲದೆ ಹೋಗುತ್ತಿತ್ತು, 2022ರ ಜೂನ್‌ನಲ್ಲಿ ಆ ಮಿತಿಯನ್ನು 15,000ಕ್ಕೆ ಏರಿಸಿದರು. ಬ್ಯಾಂಕಿನ ಆಪ್ ಅಥವಾ ನೆಟ್‌ಬ್ಯಾಂಕಿಂಗ್‌ನಲ್ಲಿ ಕಾರ್ಡಿನ ಮೇಲಿರುವ ಮ್ಯಾಂಡೇಟ್‌ಗಳ ಪಟ್ಟಿ ಸಿಗುತ್ತದೆ. ಯುಪಿಐ ಆಟೋಪೇ ಆದರೆ ಯುಪಿಐ ಆಪಿನಲ್ಲೇ ನೋಡಬಹುದು. ರಾಜೀನಾಮೆ ಕೊಟ್ಟ ವಾರವೇ ಆ ಪಟ್ಟಿ ತೆರೆದು ನೋಡಿದರೆ ಮೇಲ್‌ನಲ್ಲಿ ಸಿಗದ ಒಂದೆರಡು ಖಾತೆಗಳು ಇಲ್ಲಿ ಸಿಗುತ್ತವೆ.

ಆದರೆ ಮ್ಯಾಂಡೇಟ್ ರದ್ದು ಮಾಡುವುದೇ ಸಬ್‌ಸ್ಕ್ರಿಪ್ಷನ್ ರದ್ದು ಮಾಡುವುದಲ್ಲ. ಬಹಳ ಜನ ಎಡವುವುದು ಇಲ್ಲೇ. ಬ್ಯಾಂಕಿನಲ್ಲಿ ಮ್ಯಾಂಡೇಟ್ ನಿಲ್ಲಿಸಿದರೆ ಸೇವೆ ಕೊಡುವ ಕಂಪನಿಗೆ ಕಾಣುವುದು 'ಪಾವತಿ ವಿಫಲ' ಎಂದಷ್ಟೇ. ಅವರು ಮತ್ತೆ ಪ್ರಯತ್ನಿಸುತ್ತಾರೆ, ಎಚ್ಚರಿಕೆಯ ಮೇಲ್ ಕಳಿಸುತ್ತಾರೆ, ಖಾತೆಯನ್ನು ತಡೆಹಿಡಿಯುತ್ತಾರೆ, ಎಷ್ಟೋ ಸೇವೆಗಳು ಕೊನೆಗೆ ಅದರೊಳಗಿನ ಮಾಹಿತಿಯನ್ನೂ ಅಳಿಸುತ್ತವೆ. ಕಾಫಿ ಕಂಪನಿಯ ಮಟ್ಟಿಗೆ ಆ ಮಾಹಿತಿ ಎಂದರೆ ವರ್ಷಗಟ್ಟಲೆ ಕೂಡಿಸಿದ ಗ್ರಾಹಕರ ವಿಳಾಸಪಟ್ಟಿ. ಫೋನಿನಿಂದ ಆಪ್ ತೆಗೆದುಹಾಕಿದರೆ ಸಬ್‌ಸ್ಕ್ರಿಪ್ಷನ್ ನಿಲ್ಲುತ್ತದೆ ಎಂಬುದೂ ಇದೇ ಬಗೆಯ ತಪ್ಪು ತಿಳಿವಳಿಕೆ. ಆಪ್ ಹೋಗುತ್ತದೆ, ಹಣ ಹೋಗುವುದು ನಿಲ್ಲುವುದಿಲ್ಲ.

ಹಾಗಾಗಿ ಕ್ರಮ ಮುಖ್ಯ. ಮುಂದುವರಿಯಬೇಕಾದ ಖಾತೆಯಾದರೆ ಮೊದಲು ಅದರ ಒಡೆತನವನ್ನು ಉತ್ತರಾಧಿಕಾರಿಗೆ ವರ್ಗಾಯಿಸಬೇಕು, ಆಮೇಲೆ ಬಿಲ್ಲಿಂಗ್ ಪುಟದಲ್ಲಿ ಕಂಪನಿಯ ಕಾರ್ಡ್ ಹಾಕಬೇಕು, ಕಂಪನಿಯ ಕಾರ್ಡಿನಿಂದ ಒಂದು ಕಂತು ಹೋದದ್ದನ್ನು ನೋಡಿಕೊಂಡು ಕಡೆಯಲ್ಲಿ ತಮ್ಮ ಕಾರ್ಡಿನ ಮ್ಯಾಂಡೇಟ್ ರದ್ದು ಮಾಡಬೇಕು. ಬಿಲ್ಲಿಂಗ್ ಪುಟ ತೆರೆದಾಗಲೇ ಕಂಪನಿಯ ಹೆಸರನ್ನೂ ಜಿಎಸ್‌ಟಿ ಸಂಖ್ಯೆಯನ್ನೂ ತುಂಬಿಬಿಟ್ಟರೆ ಅಕೌಂಟ್ಸ್‌ನವರು ಹರಸುತ್ತಾರೆ. ಉದ್ಯೋಗಿಯ ಸ್ವಂತ ಹೆಸರಿನ ಬಿಲ್ಲಿನ ಮೇಲೆ ಕಂಪನಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಮುಂದುವರಿಯಬೇಕಿಲ್ಲದ ಖಾತೆಯಾದರೆ ಒಳಗಿನ ಮಾಹಿತಿಯನ್ನು ಡೌನ್‌ಲೋಡ್ ಮಾಡಿ ಕಂಪನಿಯ ಡ್ರೈವಿಗೆ ಹಾಕಿ, ಹಳೆಯ ಬಿಲ್ಲುಗಳನ್ನು ಇಳಿಸಿಕೊಂಡು, ಆಮೇಲೆ ರದ್ದು ಮಾಡುವುದು. ರದ್ದಾದದ್ದಕ್ಕೆ ಬರುವ ದೃಢೀಕರಣ ಮೇಲನ್ನು ಮ್ಯಾನೇಜರ್‌ಗೆ ಕಳಿಸಿದರೆ ಮುಂದೆ ಮಾತು ಬರುವುದಿಲ್ಲ.

ರದ್ದು ಮಾಡುವುದೂ ಯಾವಾಗಲೂ ಪುಕ್ಕಟೆಯಲ್ಲ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ತಿಂಗಳಿಗಿಷ್ಟು ಎಂದು ಹಣ ಹೋಗುತ್ತಿದ್ದರೂ ಒಪ್ಪಂದ ಒಂದು ವರ್ಷದ್ದು. 2024ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಡೋಬಿ ಕಂಪನಿಯ ಮೇಲೆ ಮೊಕದ್ದಮೆ ಹೂಡಿದ್ದು ಇದೇ ವಿಷಯಕ್ಕೆ. ತಿಂಗಳ ಲೆಕ್ಕದಲ್ಲಿ ಕಟ್ಟುವ ವಾರ್ಷಿಕ ಯೋಜನೆಯನ್ನು ಮೊದಲ ವರ್ಷದೊಳಗೆ ಬಿಟ್ಟರೆ ಉಳಿದ ಕಂತುಗಳ ಅರ್ಧದಷ್ಟು ಶುಲ್ಕ ಬೀಳುತ್ತದೆ, ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸುತ್ತಿರಲಿಲ್ಲ ಎಂಬುದು ಕಮಿಷನ್ನಿನ ಆರೋಪ. ಕಾಫಿ ಕಂಪನಿಯ ಡಿಸೈನ್ ಸಾಫ್ಟ್‌ವೇರ್ ತಿಂಗಳಿಗೆ 2,000 ರೂಪಾಯಿಯ ಅಂಥದೇ ಯೋಜನೆ, ನಾಲ್ಕು ಕಂತು ಕಟ್ಟಿ ಆಗಿದೆ ಎಂದುಕೊಂಡರೆ ಉಳಿದದ್ದು ಎಂಟು ಕಂತು, 16,000 ರೂಪಾಯಿ. ಇಂದು ರದ್ದು ಮಾಡಿದರೆ ಅರ್ಧದ ಲೆಕ್ಕದಲ್ಲಿ 8,000 ದಂಡ. ಅದರ ಬದಲು ಅದೇ ಲೈಸೆನ್ಸನ್ನು ಹೊಸಬರ ಹೆಸರಿಗೆ ಬದಲಿಸಲು ಬರುತ್ತದೆಯೇ ಎಂದು ಮೊದಲು ನೋಡಬೇಕು. ತಂಡದ ಯೋಜನೆಯಾದರೆ ಸಾಮಾನ್ಯವಾಗಿ ಬರುತ್ತದೆ, ವೈಯಕ್ತಿಕ ಯೋಜನೆಯಾದರೆ ಬಹುಮಟ್ಟಿಗೆ ಇಲ್ಲ. ಹೊಸಬರು ಸಿಗುವ ಭರವಸೆ ಇಲ್ಲದಿದ್ದರೆ ರದ್ದು ಮಾಡುವುದೋ ಉಳಿಸಿಕೊಳ್ಳುವುದೋ ಎಂಬ ನಿರ್ಧಾರ ಮ್ಯಾನೇಜರ್ ಮಾಡಬೇಕಾದದ್ದು, ಬಿಟ್ಟುಹೋಗುವವರು ತಾವೇ ಗುಂಡಿ ಒತ್ತಿಬಿಡಬಾರದು.

ಪಟ್ಟಿಯಲ್ಲಿ ಗೂಗಲ್ ಫಾರ್ಮ್ ಎಲ್ಲಕ್ಕಿಂತ ನಿರುಪದ್ರವಿಯಾಗಿ ಕಾಣುತ್ತದೆ. ದುಡ್ಡಿಲ್ಲ, ಕಾರ್ಡಿಲ್ಲ. ಸಗಟು ಆರ್ಡರ್ ಕೊಡುವ ಅಂಗಡಿಯವರು ಫಾರ್ಮ್ ತುಂಬುತ್ತಾರೆ, ವಿವರ ಶೀಟಿಗೆ ಬರುತ್ತದೆ, ಗೋದಾಮಿನವರಿಗೆ ತಾನಾಗಿ ಒಂದು ಮೇಲ್ ಹೋಗುತ್ತದೆ. ಆ ಮೇಲ್ ಕಳಿಸುವ ಸಣ್ಣ ಸ್ಕ್ರಿಪ್ಟನ್ನು ಬರೆದವರು ಈಕೆ. ಗೂಗಲ್‌ನ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ಹೀಗೆ ತಾನಾಗಿ ಓಡುವ ಟ್ರಿಗರ್ ಯಾವಾಗಲೂ ಅದನ್ನು ಇಟ್ಟವರ ಖಾತೆಯ ಹೆಸರಿನಲ್ಲಿ ಓಡುತ್ತದೆ. ಉದ್ಯೋಗಿಯ ಖಾತೆ ಅಳಿಸುವಾಗ ಆಕೆಯ ಡ್ರೈವಿನ ಫೈಲುಗಳನ್ನು ಮ್ಯಾನೇಜರ್‌ಗೆ ವರ್ಗಾಯಿಸುವ ಆಯ್ಕೆಯನ್ನು ಗೂಗಲ್ ವರ್ಕ್‌ಸ್ಪೇಸ್ ಅಡ್ಮಿನ್‌ಗೆ ಕೊಡುತ್ತದೆ, ಫಾರ್ಮೂ ಶೀಟೂ ಸುರಕ್ಷಿತವಾಗಿ ಬರುತ್ತವೆ. ಟ್ರಿಗರ್ ಬರುವುದಿಲ್ಲ. ಅಂಗಡಿಯವರು ಫಾರ್ಮ್ ತುಂಬುತ್ತಲೇ ಇರುತ್ತಾರೆ, ಶೀಟಿನಲ್ಲಿ ಸಾಲುಗಳು ಸೇರುತ್ತಲೇ ಇರುತ್ತವೆ, ಗೋದಾಮಿಗೆ ಮಾತ್ರ ಸುದ್ದಿ ಹೋಗುವುದಿಲ್ಲ. ಎಲ್ಲೂ ಕೆಂಪು ಅಕ್ಷರದ ಎಚ್ಚರಿಕೆ ಕಾಣಿಸುವುದಿಲ್ಲ. ಯಾರೋ ಅಂಗಡಿಯವರು ಫೋನ್ ಮಾಡಿ 'ಹತ್ತು ದಿನ ಆಯ್ತು, ಪುಡಿ ಬರಲಿಲ್ಲವಲ್ಲ ಸಾರ್' ಎಂದಾಗಲೇ ತಿಳಿಯುವುದು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಹೊಸಬರು ತಮ್ಮ ಲಾಗಿನ್‌ನಿಂದ ಆ ಸ್ಕ್ರಿಪ್ಟ್ ತೆರೆದು, ತಮ್ಮ ಹೆಸರಿನಲ್ಲಿ ಹೊಸ ಟ್ರಿಗರ್ ಇಡಬೇಕು. ಹಳೆಯದನ್ನು ಹಳಬರು ತೆಗೆಯಬೇಕು, ಇಲ್ಲವಾದರೆ ಉಳಿದ ದಿನಗಳಲ್ಲಿ ಗೋದಾಮಿಗೆ ಎರಡೆರಡು ಮೇಲ್ ಹೋಗುತ್ತದೆ. ಒಂದು ಆಪಿನಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ಎಲ್ಲ ಜೋಡಣೆಗಳಿಗೂ ಈ ಮಾತು ಅನ್ವಯ. ಯಾರ ಲಾಗಿನ್‌ನಿಂದ ಜೋಡಿಸಿದ್ದಾರೋ ಅವರ ಖಾತೆ ಹೋದ ದಿನ ಕೊಂಡಿ ಕಳಚುತ್ತದೆ.

ಇನ್‌ಸ್ಟಾಗ್ರಾಮ್, ಎಕ್ಸ್‌ನಂಥ ಖಾತೆಗಳ ಒಡೆತನ ಯಾರದು ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. ಅಮೆರಿಕದ ಫೋನ್‌ಡಾಗ್ ಎಂಬ ಮೊಬೈಲ್ ವಿಮರ್ಶೆಯ ಸಂಸ್ಥೆಯಲ್ಲಿದ್ದ ನೋಹ್ ಕ್ರಾವಿಟ್ಜ್ 2010ರಲ್ಲಿ ಕೆಲಸ ಬಿಟ್ಟರು. ಸಂಸ್ಥೆಯ ಹೆಸರೂ ತಮ್ಮ ಹೆಸರೂ ಸೇರಿದ್ದ ಟ್ವಿಟರ್ ಖಾತೆಯಿಂದ ಸಂಸ್ಥೆಯ ಹೆಸರು ತೆಗೆದು ಹಾಗೆಯೇ ಬಳಸತೊಡಗಿದರು. ಸುಮಾರು 17,000 ಹಿಂಬಾಲಕರಿದ್ದರು. ಪ್ರತಿ ಹಿಂಬಾಲಕನಿಗೆ ತಿಂಗಳಿಗೆ ಎರಡೂವರೆ ಡಾಲರಿನಂತೆ ಎಂಟು ತಿಂಗಳಿಗೆ 3,40,000 ಡಾಲರ್ ಕೊಡಬೇಕೆಂದು ಸಂಸ್ಥೆ 2011ರಲ್ಲಿ ಮೊಕದ್ದಮೆ ಹೂಡಿತು. ಮರುವರ್ಷ ರಾಜಿಯಾಯಿತು, ಖಾತೆ ಅವರ ಬಳಿಯೇ ಉಳಿಯಿತು. ಖಾತೆ ತೆರೆಯುವ ದಿನ ಯಾರದು ಎಂದು ಒಂದು ಸಾಲು ಬರೆದಿಟ್ಟಿದ್ದರೆ ಈ ವ್ಯಾಜ್ಯವೇ ಇರುತ್ತಿರಲಿಲ್ಲ. ಪುಟಕ್ಕೆ ಕನಿಷ್ಠ ಇಬ್ಬರು ಅಡ್ಮಿನ್ ಇರಬೇಕು, ಜಾಹೀರಾತು ಖಾತೆಯಲ್ಲಿ ಬಿಟ್ಟುಹೋಗುವವರ ಕಾರ್ಡ್ ಇರಬಾರದು. ಜಾಹೀರಾತಿನ ಹಣ ತಿಂಗಳ ಕಂತಿನ ಹಾಗೆ ತಾರೀಖು ನೋಡಿಯಷ್ಟೇ ಹೋಗುವುದಿಲ್ಲ, ಸಾಮಾನ್ಯವಾಗಿ ಖರ್ಚು ಒಂದು ಮೊತ್ತ ಮುಟ್ಟಿದಾಗಲೆಲ್ಲ ಕಡಿತವಾಗುತ್ತದೆ.

ಕೊನೆಗೆ ಫೋನ್ ಸಂಖ್ಯೆ. ಇದರಲ್ಲಿ ಎರಡೂ ಕಡೆಯ ತೊಡಕಿದೆ. ಕಂಪನಿಯ ಖಾತೆಗಳ ಒಟಿಪಿ ಉದ್ಯೋಗಿಯ ಸ್ವಂತ ನಂಬರಿಗೆ ಬರುತ್ತಿದ್ದರೆ ಅದನ್ನು ಬದಲಿಸಬೇಕು, ಒಟಿಪಿಯ ಬದಲು ಅಥೆಂಟಿಕೇಟರ್ ಆಪ್ ಬಳಸುತ್ತಿದ್ದರೆ ಹೊಸಬರ ಫೋನಿನಲ್ಲಿ ಹೊಸದಾಗಿ ಜೋಡಿಸಬೇಕು. ತಿರುಗುಮುರುಗಾಗಿ, ಕಂಪನಿ ಕೊಟ್ಟ ಸಿಮ್ಮನ್ನೇ ವರ್ಷಗಟ್ಟಲೆ ಬಳಸಿದವರ ಬ್ಯಾಂಕ್, ಆಧಾರ್, ಪಿಎಫ್ ಎಲ್ಲವೂ ಆ ನಂಬರಿಗೆ ಅಂಟಿಕೊಂಡಿರುತ್ತವೆ. ಸಿಮ್ ವಾಪಸ್ ಕೊಟ್ಟ ಮೇಲೆ ಸ್ವಂತ ಬ್ಯಾಂಕಿನ ಒಟಿಪಿ ಆಫೀಸಿನ ಕಪಾಟಿನಲ್ಲಿರುವ ಫೋನಿಗೆ ಹೋಗುತ್ತದೆ. ಕಂಪನಿ ಸಂಪರ್ಕ ಕಡಿತಗೊಳಿಸಿದರೆ ಅದೇ ನಂಬರು ಕೆಲವು ತಿಂಗಳ ನಂತರ ಅಪರಿಚಿತರಿಗೆ ಸಿಗುತ್ತದೆ. ಕಡಿತವಾದ ಸಂಖ್ಯೆಯನ್ನು ಮರುಹಂಚುವ ಮುನ್ನ 90 ದಿನ ಕಾಯಬೇಕೆಂಬ ನಿಯಮವಿದೆ, ಅದಕ್ಕಿಂತ ಹೆಚ್ಚಿನ ರಕ್ಷಣೆಯಿಲ್ಲ. ಎಷ್ಟೋ ಕಂಪನಿಗಳು ಒಂದು ಎನ್‌ಒಸಿ ಪತ್ರ ಕೊಟ್ಟು ನಂಬರನ್ನು ಉದ್ಯೋಗಿಯ ಹೆಸರಿಗೆ ಬದಲಿಸಿಕೊಡುತ್ತವೆ. ಕೇಳಿಕೊಳ್ಳಬೇಕು, ಮೊದಲ ವಾರವೇ ಕೇಳಿಕೊಳ್ಳಬೇಕು. ಆಫೀಸ್ ಮೇಲ್ ಕೊಟ್ಟು ತೆರೆದ ಸ್ವಂತದ ಖಾತೆಗಳನ್ನೂ, ಲಿಂಕ್ಡ್‌ಇನ್‌ನಿಂದ ಹಿಡಿದು ರೈಲ್ವೆ ಟಿಕೆಟ್ ಖಾತೆವರೆಗೆ, ಆ ವಾರವೇ ಸ್ವಂತ ಮೇಲ್‌ಗೆ ಬದಲಿಸಿಕೊಳ್ಳುವುದು ಕ್ಷೇಮ.

ಎಲ್ಲ ಆಯಿತು ಎಂದು ಅನ್ನಿಸಿದ ಮೇಲೆ ಒಂದು ಪರೀಕ್ಷೆ ಬಾಕಿ ಇರುತ್ತದೆ. ಕೊನೆಯ ದಿನಕ್ಕೆ ಮೂರು ದಿನ ಮುಂಚೆ ಬಿಟ್ಟುಹೋಗುವವರು ಎಲ್ಲ ಖಾತೆಗಳಿಂದ ಲಾಗ್‌ಔಟ್ ಆಗಬೇಕು. ಹೊಸಬರು ತಮ್ಮ ಕಂಪ್ಯೂಟರಿನಲ್ಲಿ ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿ ತೆರೆದು ಪಟ್ಟಿಯಲ್ಲಿರುವ ಒಂದೊಂದಕ್ಕೂ ಹೊಸದಾಗಿ ಲಾಗಿನ್ ಆಗಬೇಕು, ಬಿಲ್ಲಿಂಗ್ ಪುಟದವರೆಗೆ ಹೋಗಿ ಕಂಪನಿಯ ಕಾರ್ಡಿನ ಕೊನೆಯ ನಾಲ್ಕು ಅಂಕೆ ನೋಡಬೇಕು, ಫಾರ್ಮಿನಲ್ಲಿ ಒಂದು ಸುಳ್ಳು ಆರ್ಡರ್ ಹಾಕಿ ಗೋದಾಮಿಗೆ ಮೇಲ್ ಬಂತೇ ಎಂದು ವಿಚಾರಿಸಬೇಕು. 'ಮೇಡಂ, ನಿಮ್ಮ ಫೋನಿಗೆ ಒಂದು ಒಟಿಪಿ ಬಂದಿರಬಹುದು, ಹೇಳ್ತೀರಾ?' ಎಂದು ಕೇಳಬೇಕಾಗಿ ಬಂದರೆ ಆ ಖಾತೆಯ ಹ್ಯಾಂಡೋವರ್ ಇನ್ನೂ ಆಗಿಲ್ಲ ಎಂದೇ ಅರ್ಥ. ಸರಿಪಡಿಸಲು ಇನ್ನೂ ಮೂರು ದಿನ ಕೈಯಲ್ಲಿರುತ್ತದೆ.

ಕಂಪನಿಯ ಕಡೆಯಿಂದ ಆಗಬೇಕಾದದ್ದೂ ಇದೆ. ಉದ್ಯೋಗಿ ಹೋದ ಸಂಜೆಯೇ ಆಫೀಸ್ ಖಾತೆಯನ್ನು ಅಳಿಸಿಬಿಡುವ ಉತ್ಸಾಹ ಬೇಡ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಖಾತೆಯನ್ನು 20 ದಿನದೊಳಗಷ್ಟೇ ಮರಳಿ ಪಡೆಯಲು ಸಾಧ್ಯ. ಮೊದಲು ಖಾತೆಯನ್ನು ಅಮಾನತಿನಲ್ಲಿಟ್ಟು, ಏನಾದರೂ ಮುರಿಯುತ್ತದೆಯೇ ಎಂದು ಒಂದು ತಿಂಗಳು ನೋಡಿ, ಆಮೇಲೆ ಫೈಲುಗಳನ್ನು ವರ್ಗಾಯಿಸಿ ಅಳಿಸಬಹುದು. ಅಮಾನತಿನಲ್ಲಿಟ್ಟ ಖಾತೆಗೂ ಪೂರ್ತಿ ಶುಲ್ಕ ಬೀಳುವುದರಿಂದ ವರ್ಷಗಟ್ಟಲೆ ಹಾಗೇ ಬಿಡುವುದೂ ನಷ್ಟ. ಅಳಿಸಿದ ಮೇಲೆ ಆ ಹಳೆಯ ವಿಳಾಸವನ್ನು ಹೊಸಬರ ಖಾತೆಗೆ ಅಲಿಯಾಸ್ ಆಗಿ ಸೇರಿಸಿದರೆ, ಪಟ್ಟಿಯಲ್ಲಿ ಯಾರ ಕಣ್ಣಿಗೂ ಬೀಳದ ಯಾವುದೋ ಸೇವೆಯ ನವೀಕರಣದ ಮೇಲ್ ಆರು ತಿಂಗಳ ನಂತರ ಬಂದರೂ ಕಂಪನಿಯ ಕೈಗೇ ಸಿಗುತ್ತದೆ.

ಪ್ರವೇಶ ಮುಚ್ಚದೆ ಬಿಟ್ಟರೆ ಆಗುವ ಅನಾಹುತದ ದೊಡ್ಡ ಉದಾಹರಣೆ ಸಿಸ್ಕೊ ಕಂಪನಿಯದು. 2018ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟಿದ್ದ ಎಂಜಿನಿಯರ್ ಒಬ್ಬರು ಸೆಪ್ಟೆಂಬರ್‌ನಲ್ಲಿ ಸಿಸ್ಕೊದ ಕ್ಲೌಡ್ ವ್ಯವಸ್ಥೆಯೊಳಗೆ ಅನುಮತಿಯಿಲ್ಲದೆ ಹೋಗಿ 456 ವರ್ಚುವಲ್ ಮೆಷಿನ್‌ಗಳನ್ನು ಅಳಿಸಿದರು. ವೆಬೆಕ್ಸ್ ಟೀಮ್ಸ್‌ನ 16,000ಕ್ಕೂ ಹೆಚ್ಚು ಖಾತೆಗಳು ಎರಡು ವಾರದವರೆಗೆ ಸ್ಥಗಿತವಾದವು, ಸರಿಪಡಿಸುವ ಕೆಲಸಕ್ಕೆ ಸುಮಾರು 14 ಲಕ್ಷ ಡಾಲರ್ ತಗುಲಿತು, ಗ್ರಾಹಕರಿಗೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಿಂದಿರುಗಿಸಬೇಕಾಯಿತು. 2020ರ ಡಿಸೆಂಬರ್‌ನಲ್ಲಿ ಅವರಿಗೆ ಎರಡು ವರ್ಷ ಜೈಲಾಯಿತು. ಭಾರತದಲ್ಲೂ ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ತಪ್ಪು. ಮೋಸದ ಉದ್ದೇಶವಿದ್ದರೆ 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಪಾಸ್‌ವರ್ಡ್ ಇನ್ನೂ ನೆನಪಿದೆ ಎಂಬುದು ಅನುಮತಿಯಲ್ಲ.

ಒಳ್ಳೆಯ ಮನಸ್ಸಿನಿಂದ ಮಾಡುವ ಸಹಾಯಕ್ಕೂ ಇದೇ ಎಚ್ಚರ ಬೇಕು. ಬಿಟ್ಟು ಎರಡು ತಿಂಗಳಾದ ಮೇಲೆ ಹಳೆಯ ಸಹೋದ್ಯೋಗಿ ಫೋನ್ ಮಾಡಿ, ನಿಮ್ಮ ಲಾಗಿನ್ ಇನ್ನೂ ನಡೆಯುತ್ತಿದೆ, ಸ್ವಲ್ಪ ಒಳಗೆ ಹೋಗಿ ಸರಿಮಾಡಿಕೊಡಿ ಎಂದರೆ ತಾವೇ ಒಳಹೋಗುವುದು ಸರಿಯಲ್ಲ. ಮ್ಯಾನೇಜರ್ ಕಂಪನಿಯ ಮೇಲ್‌ನಿಂದ ಲಿಖಿತವಾಗಿ ಕೇಳಲಿ. ಆಗಲೂ ಮಾಡಬೇಕಾದದ್ದು ಒಂದೇ ಕೆಲಸ, ಆ ಖಾತೆಯ ಇಮೇಲ್ ಮತ್ತು ಫೋನ್ ಸಂಖ್ಯೆಯನ್ನು ಕಂಪನಿಯದಕ್ಕೆ ಬದಲಿಸಿ ಹೊರಬರುವುದು. ಜತೆಗೆ ಕ್ರೆಡಿಟ್ ಕಾರ್ಡಿನ ಮುಂದಿನ ಎರಡು ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ಓದಬೇಕು. ವಾರ್ಷಿಕ ಖಾತೆಗಳಿದ್ದರೆ ಅವುಗಳ ನವೀಕರಣದ ತಾರೀಖಿಗೆ ಒಂದು ವಾರ ಮುಂಚೆ ಫೋನಿನ ಕ್ಯಾಲೆಂಡರಿನಲ್ಲಿ ರಿಮೈಂಡರ್ ಇಟ್ಟುಕೊಂಡು, ಬ್ಯಾಂಕಿನ ಮ್ಯಾಂಡೇಟ್ ಪಟ್ಟಿಯನ್ನು ಅವತ್ತು ಮತ್ತೊಮ್ಮೆ ತೆರೆದು ನೋಡಬೇಕು.